ಸರ್ಕಾರಿ ನೌಕರಿ ಅಂದ್ರ ಪಿಂಚಣಿ ಅಂತ ಇನ್ನೂ ಹೇಳ್ತೀರಾ?

ಹೋದ ತಿಂಗಳು ಹಾವೇರಿ ಜಿಲ್ಲೆಯ ನಮ್ಮೂರ ಹನುಮಪ್ಪನ ಗುಡಿ ಕಟ್ಟೆ ಮೇಲೆ ಒಂದು ಜಗಳ ಆಯಿತು. ಹೊಡೆದಾಟ ಅಲ್ಲ, ಮಾತಿನ ಜಗಳ. ನಮ್ಮ ಗೆಳೆಯನೊಬ್ಬನ ಕೈಗೆ ಒಂದೇ ವಾರದಲ್ಲಿ ಎರಡು ಕಾಗದ ಬಂದಿದ್ದವು. ಒಂದು ಗ್ರಾಮ ಆಡಳಿತ ಅಧಿಕಾರಿ ಹುದ್ದೆಯ ನೇಮಕಾತಿ ಆದೇಶ, ಅಂದರೆ ನಾವೆಲ್ಲ ಹಿಂದೆ ಗ್ರಾಮ ಲೆಕ್ಕಿಗ ಅಂತ ಕರೀತಿದ್ದ ನೌಕರಿ. ಇನ್ನೊಂದು ಬೆಂಗಳೂರಿನ ಖಾಸಗಿ ಕಂಪನಿಯ ಆಫರ್ ಲೆಟರ್. ವರ್ಷಕ್ಕೆ 7 ಲಕ್ಷ 20 ಸಾವಿರ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು.

ಕಟ್ಟೆ ಎರಡು ಭಾಗವಾಯಿತು. ನಿವೃತ್ತ ಮೇಷ್ಟ್ರೊಬ್ಬರು, "ತಮ್ಮಾ, ಸರ್ಕಾರಿ ನೌಕರಿ ಅಂದ್ರ ಸಾಯೂತನಕ ಪಿಂಚಣಿ. ಕಣ್ಣು ಮುಚ್ಚಿ ಸೇರು" ಅಂದರು. ಬೆಂಗಳೂರಿನಿಂದ ಹಬ್ಬಕ್ಕೆ ಬಂದಿದ್ದ ಹುಡುಗ, "ಸರ, ಅಲ್ಲಿ 34 ಸಾವಿರ, ಇಲ್ಲಿ 60 ಸಾವಿರ. ಇದರಾಗ ಯೋಚನೆ ಮಾಡೂದು ಏನೈತಿ?" ಅಂದ.

ಇಬ್ಬರೂ ತಪ್ಪು ಹೇಳಿದರು ಅಂತ ನಾವು ಈ ಬರಹದಲ್ಲಿ ವಾದಿಸುತ್ತೇವೆ. ಮೇಷ್ಟ್ರು ಹೇಳಿದ ಪಿಂಚಣಿ ಆ ಹುದ್ದೆಯಲ್ಲಿ ಇಲ್ಲ. ಆ ಹುಡುಗ ಹೇಳಿದ 60 ಸಾವಿರವೂ ಆ ಕಂಪನಿಯಲ್ಲಿ ಇಲ್ಲ. ಇಲ್ಲದ ಎರಡು ವಸ್ತುಗಳನ್ನು ತಕ್ಕಡಿಗೆ ಹಾಕಿ ನಮ್ಮೂರ ಮಕ್ಕಳ ಬದುಕು ತೂಗುತ್ತಿದ್ದೇವೆ. ಹಾಗಾಗಿ ಆ ದಿನ ನಾವು ಎರಡೂ ಕಾಗದ ಇಸಗೊಂಡು ಕೂತು ಲೆಕ್ಕ ಹಾಕಿದೆವು. ಅದನ್ನೇ ಇಲ್ಲಿ ಇಡುತ್ತಿದ್ದೇವೆ.

ಮೊದಲು ಪಿಂಚಣಿ. ಕರ್ನಾಟಕ ಸರ್ಕಾರದ ಕೆಲಸಕ್ಕೆ 2006ರ ಏಪ್ರಿಲ್ 1ರಿಂದ ಈಚೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ಎನ್‌ಪಿಎಸ್ ಇದೆ. ಮೇಷ್ಟ್ರು ಸೇರಿದ್ದು ಅದಕ್ಕೂ ಹಿಂದೆ. ಪೂರ್ತಿ ಸೇವೆ ಮಾಡಿದ ಅವರಿಗೆ ಕೊನೆಯ ಮೂಲ ವೇತನದ ಅರ್ಧ ಪಿಂಚಣಿಯಾಗಿ ಬರುತ್ತದೆ. ಅದರ ಮೇಲೆ ತುಟ್ಟಿಭತ್ಯೆ ಬರುತ್ತದೆ. ಬೆಲೆ ಏರಿದಂತೆ ಅದೂ ಏರುತ್ತದೆ. ಅವರು ಸಂಬಳದಿಂದ ಅದಕ್ಕಾಗಿ ಒಂದು ಪೈಸೆ ಕೊಟ್ಟವರಲ್ಲ. ಕೊಡಬೇಕಾದದ್ದೆಲ್ಲ ಸರ್ಕಾರದ್ದೇ ಹೊಣೆ.

ನಮ್ಮ ಗೆಳೆಯನಿಗೆ ಬರುವುದು ಬೇರೆ. ಪ್ರತಿ ತಿಂಗಳು ಅವನ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ ನೂರಕ್ಕೆ 10 ಕಡಿತ ಆಗುತ್ತದೆ. ಸರ್ಕಾರ ನೂರಕ್ಕೆ 14 ಸೇರಿಸುತ್ತದೆ. ಆ ದುಡ್ಡು ಅವನ ಹೆಸರಿನ ಪ್ರಾನ್ ಖಾತೆಗೆ ಹೋಗಿ ಸಾಲಪತ್ರ, ಷೇರುಗಳಲ್ಲಿ ಹೂಡಿಕೆ ಆಗುತ್ತದೆ. ಅವನಿಗೆ 60 ವರ್ಷ ತುಂಬಿದ ದಿನ ಅಲ್ಲಿ ಎಷ್ಟು ಇರುತ್ತದೋ ಅಷ್ಟು. ಅದರಲ್ಲಿ ನೂರಕ್ಕೆ 60ರವರೆಗೆ ಒಟ್ಟಿಗೆ ಕೈಗೆ ತೆಗೆದುಕೊಳ್ಳಬಹುದು. ಉಳಿದ ಕನಿಷ್ಠ 40 ಭಾಗವನ್ನು ವಿಮಾ ಕಂಪನಿಗೆ ಕೊಟ್ಟು ತಿಂಗಳ ಪಿಂಚಣಿ ಖರೀದಿ ಮಾಡಬೇಕು. ಇಷ್ಟೇ ಬರುತ್ತದೆ ಅಂತ ಇವತ್ತು ಯಾರೂ ಬರೆದುಕೊಡುವುದಿಲ್ಲ.

ಒಂದು ಊಹೆಯ ಲೆಕ್ಕ ನೋಡಿ. 60ನೇ ವಯಸ್ಸಿಗೆ ಖಾತೆಯಲ್ಲಿ 1 ಕೋಟಿ ಇದೆ ಅಂದುಕೊಳ್ಳಿ. 60 ಲಕ್ಷ ಕೈಗೆ ಬಂತು. 40 ಲಕ್ಷಕ್ಕೆ ವರ್ಷಕ್ಕೆ ನೂರಕ್ಕೆ 6ರಂತೆ ಪಿಂಚಣಿ ಸಿಕ್ಕರೂ ವರ್ಷಕ್ಕೆ 2 ಲಕ್ಷ 40 ಸಾವಿರ, ತಿಂಗಳಿಗೆ 20 ಸಾವಿರ. ಸಾಮಾನ್ಯವಾಗಿ ಅದಕ್ಕೆ ತುಟ್ಟಿಭತ್ಯೆ ಇಲ್ಲ. 60ನೇ ವಯಸ್ಸಿಗೂ 20 ಸಾವಿರ, 80ನೇ ವಯಸ್ಸಿಗೂ 20 ಸಾವಿರ. ಅದೇ ಮನುಷ್ಯ 80 ಸಾವಿರ ಮೂಲ ವೇತನದಲ್ಲಿ ಹಳೆಯ ಪದ್ಧತಿಯಡಿ ನಿವೃತ್ತಿ ಆಗಿದ್ದರೆ 40 ಸಾವಿರದಿಂದ ಶುರುವಾಗಿ ಏರುತ್ತಾ ಹೋಗುತ್ತಿತ್ತು. ಇನ್ನು ಆ 60 ಲಕ್ಷ. ನಮ್ಮ ಊರುಗಳಲ್ಲಿ ಅಷ್ಟು ದುಡ್ಡು ಒಮ್ಮೆಲೇ ಬಂದರೆ ಮಗಳ ಮದುವೆ, ಮಗನ ಮನೆ ಅಂತ ಎರಡು ವರ್ಷದಲ್ಲಿ ಏನಾಗುತ್ತದೆ ಅಂತ ನಾವು ಬಿಡಿಸಿ ಹೇಳಬೇಕಿಲ್ಲ.

"ಹಳೆ ಪಿಂಚಣಿ ವಾಪಸ್ ಬರ್ತದಂತಲ್ಲ?" ಅಂತ ಕಟ್ಟೆಯಲ್ಲಿ ಒಬ್ಬರು ಕೇಳಿದರು. 2023ರ ಚುನಾವಣೆಯಲ್ಲಿ ಅದರ ಭರವಸೆ ಕೇಳಿದ್ದೇವೆ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಒಂದು ಆದೇಶವನ್ನೂ ಮಾಡಿತು. ಆದರೆ ಅದು ಯಾರಿಗೆ? 2006ರ ಏಪ್ರಿಲ್‌ಗೆ ಮೊದಲೇ ಅಧಿಸೂಚನೆ ಆಗಿ, ನೇಮಕ ತಡವಾಗಿ ಆನಂತರ ಸೇರಿದ ಸುಮಾರು 13 ಸಾವಿರ ನೌಕರರಿಗೆ. ಈಗ ಸೇರುವ ಹುಡುಗನಿಗೆ ಅದರಿಂದ ಏನೂ ಇಲ್ಲ. ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಿಂದ ಯುಪಿಎಸ್ ತಂದಿದೆ. ಅದರಲ್ಲಿ 25 ವರ್ಷ ಸೇವೆ ಮಾಡಿದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲ ವೇತನದ ಅರ್ಧ ಖಾತ್ರಿ ಇದೆ. ರೈಲ್ವೆಗೋ ಅಂಚೆ ಇಲಾಖೆಯ ಕಾಯಂ ಹುದ್ದೆಗೋ ಆಯ್ಕೆ ಆದವರು ಅದನ್ನು ಕೇಳಿ ತಿಳಿದುಕೊಳ್ಳಲಿ. ತಹಶೀಲ್ದಾರ್ ಕಚೇರಿಯಲ್ಲಿ ಕೆಲಸ ಮಾಡುವವನು ಅದನ್ನು ತನ್ನ ಲೆಕ್ಕಕ್ಕೆ ಸೇರಿಸಬಾರದು. ಬರಲಿ ಅಂತ ಹೋರಾಡುವುದು ಬೇರೆ, ಬಂದಿದೆ ಅಂತ ತಿಳಿದು ನೌಕರಿ ಆರಿಸುವುದು ಬೇರೆ.

ಇಷ್ಟು ಹೇಳಿದ ಕೂಡಲೇ ಬೆಂಗಳೂರಿನ ಹುಡುಗನ ಮುಖ ಅರಳಿತು. "ನೋಡ್ರಿ, ನಾ ಹೇಳಿದ್ದ ಖರೇ ಆತಿಲ್ಲ?" ಅಂದ. ತಡಿಯಪ್ಪಾ, ಈಗ ನಿನ್ನ ಕಾಗದ ತೆಗಿ ಅಂದೆವು.

ಆಫರ್ ಲೆಟರಿನ ಮೊದಲ ಪುಟದ ಸಂಖ್ಯೆ ಸಂಬಳ ಅಲ್ಲ. ಅದು ಸಿಟಿಸಿ. ನಿಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ವರ್ಷಕ್ಕೆ ಬೀಳುವ ಒಟ್ಟು ಖರ್ಚು. ಅದರ ಒಡಕು ಕೊನೆಯ ಪುಟದಲ್ಲಿ ಸಣ್ಣ ಅಕ್ಷರದ ಪಟ್ಟಿಯಲ್ಲಿ ಇರುತ್ತದೆ. ನಮ್ಮ ಗೆಳೆಯನ ಕಾಗದದಲ್ಲಿ ತಿಂಗಳಿಗೆ 60 ಸಾವಿರದಲ್ಲಿ 6 ಸಾವಿರ 'ವೇರಿಯಬಲ್'. ಅಂದರೆ ಅವನ ಕೆಲಸ ಚೆನ್ನಾಗಿದ್ದು, ಕಂಪನಿಗೂ ಲಾಭ ಬಂದರೆ ವರ್ಷಕ್ಕೊಮ್ಮೆ ಕೊಡುವ ದುಡ್ಡು. ಕಂಪನಿ ಅವನ ಪರವಾಗಿ ಕಟ್ಟುವ ಪಿಎಫ್ 1,800 ರೂಪಾಯಿ ಕೂಡ ಆ 60 ಸಾವಿರದ ಒಳಗೇ ಇದೆ. ಗ್ರ್ಯಾಚುಟಿಗೆ ಅಂತ 1,150 ರೂಪಾಯಿ. ಅದು ಐದು ವರ್ಷ ಪೂರೈಸಿದ ಕಾಯಂ ನೌಕರನಿಗೆ ಸಿಗುವಂಥದ್ದು, ಮೂರು ವರ್ಷಕ್ಕೆ ಬಿಟ್ಟರೆ ಸಿಗದು. ಆರೋಗ್ಯ ವಿಮೆಗೆ ಸಾವಿರ. ಇವೆಲ್ಲ ತೆಗೆದರೆ ಉಳಿದದ್ದು 50 ಸಾವಿರ. ಅದರಲ್ಲಿ ಅವನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋಗಿ ಬ್ಯಾಂಕಿಗೆ ಬೀಳುವುದು 48 ಸಾವಿರ.

ಈಗ ಸರ್ಕಾರಿ ಕಾಗದ. ಏಳನೇ ವೇತನ ಆಯೋಗದ ನಂತರ 2024ರ ಆಗಸ್ಟ್‌ನಿಂದ ಆ ಹುದ್ದೆಯ ಆರಂಭದ ಮೂಲ ವೇತನ 34,100. ಕಟ್ಟೆಯಲ್ಲಿ ಆ ಹುಡುಗ 34 ಸಾವಿರ ಅಂದದ್ದು ಇದನ್ನೇ ನೋಡಿ. ಆದರೆ ಇದರ ಮೇಲೆ ತುಟ್ಟಿಭತ್ಯೆ ಇದೆ. ನಾವು ನೂರಕ್ಕೆ 14.25ರಂತೆ ಹಿಡಿದೆವು, 4,859 ಬಂತು. ಹಳ್ಳಿ ಮತ್ತು ಸಣ್ಣ ಊರಿನ ಮನೆ ಬಾಡಿಗೆ ಭತ್ಯೆ ನೂರಕ್ಕೆ 7.5, ಅದು 2,558. ಒಟ್ಟು 41,500. ಇದರಲ್ಲಿ ಎನ್‌ಪಿಎಸ್‌ಗೆ 3,896 ಹೋಗುತ್ತದೆ. ಕೆಜಿಐಡಿ ವಿಮೆಗೆ ಮೂರು ಸಾವಿರದ ಆಸುಪಾಸು, ವೃತ್ತಿ ತೆರಿಗೆ, ಆರೋಗ್ಯ ಸಂಜೀವಿನಿ ಇತ್ಯಾದಿ ಚಿಲ್ಲರೆ ಹೋಗಿ ಕೈಗೆ 34 ಸಾವಿರದ ಹತ್ತಿರ.

ಹಾಗಾದರೆ ಅಂತರ 26 ಸಾವಿರ ಅಲ್ಲ. 48ರಿಂದ 34 ಕಳೆದು 14 ಸಾವಿರ. ಇದು ಸಣ್ಣ ಮೊತ್ತ ಅಂತ ನಾವು ಹೇಳುವುದಿಲ್ಲ. ಆದರೆ ಇನ್ನೂ ಒಂದು ಲೆಕ್ಕ ಬಾಕಿ ಇದೆ, ಅದನ್ನು ಯಾರೂ ಹಾಕುವುದಿಲ್ಲ. ಕಣ್ಣಿಗೆ ಕಾಣದ ಖಾತೆಗೆ ಪ್ರತಿ ತಿಂಗಳು ಎಷ್ಟು ಹೋಗುತ್ತಿದೆ ಅನ್ನುವ ಲೆಕ್ಕ.

ಸರ್ಕಾರಿ ಹುದ್ದೆಯಲ್ಲಿ ಅವನ 3,896 ಮತ್ತು ಸರ್ಕಾರದ 5,454 ಸೇರಿ ತಿಂಗಳಿಗೆ 9,350 ರೂಪಾಯಿ ಎನ್‌ಪಿಎಸ್ ಖಾತೆಗೆ ಹೋಗುತ್ತದೆ. ಖಾಸಗಿಯಲ್ಲಿ? ಕಾನೂನು ಪ್ರಕಾರ ಪಿಎಫ್ ಮೂಲ ವೇತನದ ನೂರಕ್ಕೆ 12. ಆದರೆ ಕಡ್ಡಾಯ ಇರುವುದು 15,000 ರೂಪಾಯಿ ಮಿತಿಯವರೆಗೆ ಮಾತ್ರ. ಬಹಳ ಕಂಪನಿಗಳು ಮೂಲ ವೇತನ ಎಷ್ಟೇ ಇದ್ದರೂ 15,000ಕ್ಕೇ ಕಟ್ಟುತ್ತವೆ. ಅದೇ ಆ 1,800. ಕಂಪನಿಯ 1,800ರಲ್ಲೂ 1,250 ರೂಪಾಯಿ ಇಪಿಎಸ್ ಅನ್ನುವ ಪಿಂಚಣಿ ನಿಧಿಗೆ ಹೋಗುತ್ತದೆ, ಪಿಎಫ್ ಖಾತೆಗೆ ಬೀಳುವುದು 550 ಮಾತ್ರ. ಅವನ 1,800 ಸೇರಿಸಿ ತಿಂಗಳಿಗೆ 2,350.

9,350 ಎಲ್ಲಿ, 2,350 ಎಲ್ಲಿ? ಅಂತರ ಸರಿಯಾಗಿ 7,000. ಖಾಸಗಿಗೆ ಸೇರಿದ ಹುಡುಗ ಪ್ರತಿ ತಿಂಗಳು ತಪ್ಪದೆ ತನ್ನ 48 ಸಾವಿರದಿಂದ 7 ಸಾವಿರ ಎತ್ತಿಟ್ಟು, 60 ವರ್ಷದವರೆಗೆ ಮುಟ್ಟದೇ ಇದ್ದರೆ ಮಾತ್ರ ಈ ಒಂದು ವಿಷಯದಲ್ಲಿ ಇಬ್ಬರೂ ಸಮ. ಹಾಗೆ ಎತ್ತಿಟ್ಟರೆ 14 ಸಾವಿರದ ಅಂತರ 7 ಸಾವಿರಕ್ಕೆ ಇಳಿಯಿತು. ಸರ್ಕಾರಿ ಹುಡುಗನ ಕೆಜಿಐಡಿ ಕಡಿತವೂ ಬೋನಸ್ ಸಮೇತ ಮರಳಿ ಬರುವ ವಿಮೆಯ ದುಡ್ಡು. ಅದನ್ನೂ ಉಳಿತಾಯ ಅಂತ ಹಿಡಿದರೆ ಅಂತರ 4 ಸಾವಿರ. ವೇರಿಯಬಲ್ ಪೂರ್ತಿ ಬಂದ ವರ್ಷ 10 ಸಾವಿರ ಅನ್ನಿ. ಈಗ ಬೆಂಗಳೂರಿನ ಪಿಜಿ ಖರ್ಚು ಕಳೆಯಿರಿ. ಮೂವರು ಮಲಗುವ ಕೋಣೆ, ಊಟ, ಬಸ್ಸು, ತಿಂಗಳಿಗೊಮ್ಮೆ ಊರಿಗೆ ಬಂದು ಹೋಗುವುದು ಸೇರಿ ನಮ್ಮ ಬಳಗದವರ ಅನುಭವದಲ್ಲಿ 18ರಿಂದ 20 ಸಾವಿರಕ್ಕೆ ಕಡಿಮೆ ಇಲ್ಲ. ಗ್ರಾಮ ಆಡಳಿತ ಅಧಿಕಾರಿಯ ನೇಮಕ ಜಿಲ್ಲಾವಾರು ಆಗುತ್ತದೆ. ಅವನು ಅದೇ ಜಿಲ್ಲೆಯಲ್ಲಿ ಇರುತ್ತಾನೆ, ಬಹಳ ಸಲ ಮನೆಯ ರೊಟ್ಟಿ ತಿಂದೇ ಕೆಲಸಕ್ಕೆ ಹೋಗಬಹುದು. ಅವನ ದೊಡ್ಡ ಖರ್ಚು ಬೈಕಿನ ಪೆಟ್ರೋಲು.

ಇಪಿಎಸ್ ಪಿಂಚಣಿಯ ಮಾತು ಬಂತು. ಇದರ ಬಗ್ಗೆ ನಮಗೆ ಸಿಟ್ಟಿದೆ, ಒಂದೆರಡು ಮಾತು ಹೆಚ್ಚೇ ಬರೆಯುತ್ತೇವೆ. ಖಾಸಗಿ ನೌಕರನಿಗೂ ಪಿಂಚಣಿ ಇದೆ. ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಸಂಬಳ 80 ಸಾವಿರ ಇದ್ದರೂ ಹಿಡಿಯುವುದು ಸಾಮಾನ್ಯವಾಗಿ 15,000 ಮಾತ್ರ. 35 ವರ್ಷ ದುಡಿದವನಿಗೆ 15,000 ಗುಣಿಸು 35, ಭಾಗಿಸು 70. ಬರುವುದು ತಿಂಗಳಿಗೆ 7,500. ಅದೂ 58 ವರ್ಷದ ನಂತರ, ತುಟ್ಟಿಭತ್ಯೆ ಇಲ್ಲದೆ. ಈ 15,000ದ ಮಿತಿ ಇಟ್ಟದ್ದು 2014ರ ಸೆಪ್ಟೆಂಬರ್‌ನಲ್ಲಿ. ಕನಿಷ್ಠ ಪಿಂಚಣಿ 1,000 ರೂಪಾಯಿ ಅಂತ ಮಾಡಿದ್ದೂ ಅದೇ ವರ್ಷ. ಹತ್ತು ವರ್ಷ ದಾಟಿದರೂ ಅಲ್ಲೇ ಇದೆ. ಒಂದು ಗ್ಯಾಸ್ ಸಿಲಿಂಡರ್ ತಂದರೆ ಮುಗಿದು ಹೋಗುವ ಪಿಂಚಣಿ.

ಆ 7,500 ಕೂಡ ನಮ್ಮ ಹುಡುಗರಿಗೆ ದಕ್ಕುವುದಿಲ್ಲ. ಯಾಕೆಂದರೆ ಪಿಂಚಣಿಗೆ ಕನಿಷ್ಠ ಹತ್ತು ವರ್ಷ ಸೇವೆ ಬೇಕು. ಇವರು ಎರಡು ವರ್ಷಕ್ಕೊಂದು ಕಂಪನಿ ಬದಲಿಸುತ್ತಾರೆ, ಬದಲಿಸಿದಾಗಲೆಲ್ಲ ಪಿಎಫ್ ಪೂರ್ತಿ ತೆಗೆಯುತ್ತಾರೆ. ದೀಪಾವಳಿಗೆ ಬೈಕ್ ಬರುತ್ತದೆ, ಜೊತೆಗೆ ಪಿಂಚಣಿಯ ದುಡ್ಡನ್ನೂ ತೆಗೆದರೆ ಆ ಸೇವೆಯ ವರ್ಷಗಳು ಅಳಿಸಿ ಹೋಗುತ್ತವೆ. ಮತ್ತೆ ಸೊನ್ನೆಯಿಂದ ಎಣಿಕೆ. ತೆಗೆಯುವ ಬದಲು ಅದೇ ಯುಎಎನ್ ಸಂಖ್ಯೆ ಹೊಸ ಕಂಪನಿಗೆ ಕೊಟ್ಟು ವರ್ಗ ಮಾಡಿಸಿಕೊಂಡರೆ ವರ್ಷಗಳು ಕೂಡುತ್ತಾ ಹೋಗುತ್ತವೆ. ಇನ್ನೊಂದು ಮೋಸವೂ ನಡೆಯುತ್ತದೆ. ಪೇ ಸ್ಲಿಪ್‌ನಲ್ಲಿ ಪಿಎಫ್ ಕಡಿತ ತೋರಿಸಿ ಖಾತೆಗೆ ಕಟ್ಟದೇ ಇರುವುದು. ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು ನೋಡಿದರೆ ಗೊತ್ತಾಗುತ್ತದೆ. ಕಡಿತ ಆದ ತಿಂಗಳ ಸಾಲು ಎರಡು ತಿಂಗಳಾದರೂ ಅಲ್ಲಿ ಕಾಣದಿದ್ದರೆ ಕೇಳಬೇಕು.

ಇನ್ನು ಭದ್ರತೆ. ಸರ್ಕಾರಿ ನೌಕರನನ್ನು ಯಾರೂ ಮುಟ್ಟಲಾರರು ಅನ್ನುವುದು ಅರ್ಧ ಸತ್ಯ. ಮೊದಲ ಎರಡು ವರ್ಷ ಪ್ರೊಬೇಷನ್. ಇಲಾಖಾ ಪರೀಕ್ಷೆ ಪಾಸಾಗಬೇಕು. ಆನಂತರ ಸಂವಿಧಾನದ 311ನೇ ವಿಧಿಯ ರಕ್ಷಣೆ ಇದೆ, ವಿಚಾರಣೆ ಮಾಡದೆ ವಜಾ ಮಾಡುವುದು ಸುಲಭವಲ್ಲ. ಆದರೆ ಗ್ರಾಮ ಆಡಳಿತ ಅಧಿಕಾರಿಯ ಕುರ್ಚಿ ಸುಖದ್ದಲ್ಲ. ಪಹಣಿ, ವಾರಸಾ ಖಾತೆ, ಆದಾಯ ಪ್ರಮಾಣಪತ್ರ ಅಂತ ದಿನವೂ ಜನ ಬಂದು ನಿಲ್ಲುವ ಜಾಗ. ಲಂಚದ ಬಲೆಗೆ ಬಿದ್ದರೆ ಅಮಾನತು, ಕೈಗೆ ಅರ್ಧ ಸಂಬಳದಷ್ಟು ಜೀವನಾಂಶ, ಕೋರ್ಟಿನ ಅಲೆದಾಟ. ಹತ್ತಾರು ಮೊಬೈಲ್ ಆ್ಯಪ್‌ಗಳ ಹೊರೆ ಹೊರಲಾರೆವು, ಕೂರಲು ಸರಿಯಾದ ಕಚೇರಿ ಇಲ್ಲ ಅಂತ ಇದೇ ನೌಕರರು 2024ರ ಸೆಪ್ಟೆಂಬರ್‌ನಲ್ಲಿ ಮುಷ್ಕರ ಕೂತಿದ್ದರು. "ಸರ್ಕಾರಿ ಕೆಲಸ ಅಂದ್ರ ಆರಾಮ" ಅನ್ನುವವರು ಬೆಳೆ ಸಮೀಕ್ಷೆಯ ಕಾಲದಲ್ಲಿ ಅವರ ಜೊತೆ ಒಂದು ದಿನ ಹೊಲಕ್ಕೆ ಹೋಗಿ ಬರಲಿ.

ಖಾಸಗಿಯ ಭದ್ರತೆ ಎಷ್ಟು ಅನ್ನುವುದು ಅದೇ ಆಫರ್ ಲೆಟರಿನಲ್ಲಿ ಬರೆದಿರುತ್ತದೆ. 'ನೋಟಿಸ್ ಪೀರಿಯಡ್' ಅಂತ ಹುಡುಕಿ. ನಮ್ಮ ಗೆಳೆಯನ ಕಾಗದದಲ್ಲಿ ಅವನು ಬಿಡಬೇಕಾದರೆ 90 ದಿನ, ಕಂಪನಿ ಬಿಡಿಸಬೇಕಾದರೆ 30 ದಿನದ ಸಂಬಳ. ಭದ್ರತೆ ಅಂದರೆ ಅವನಿಗೆ 30 ದಿನ. ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಕೆಲಸದಿಂದ ತೆಗೆಯುವಾಗಲೂ ತೆಗೆದೆವು ಅನ್ನುವುದಿಲ್ಲ, ನೀನೇ ರಾಜೀನಾಮೆ ಕೊಡು, ಮುಂದೆ ಒಳ್ಳೆ ಪತ್ರ ಕೊಡುತ್ತೇವೆ ಅನ್ನುತ್ತಾರೆ. ಬಳಗದ ಇಬ್ಬರು ಹಾಗೆ ರಾಜೀನಾಮೆ ಕೊಟ್ಟು ಬಂದವರೇ. ಕೆಲಸ ಹೋದ ದಿನವೇ ಕಂಪನಿಯ ಆರೋಗ್ಯ ವಿಮೆಯೂ ಹೋಗುತ್ತದೆ, ಮನೆಯಲ್ಲಿ ಡಯಾಲಿಸಿಸ್ ನಡೀತಿದ್ದರೂ.

ದುಡಿಯುವವನೇ ತೀರಿಕೊಂಡರೆ ಏನು ಅನ್ನುವ ಪ್ರಶ್ನೆ ಕೇಳಲು ನಮ್ಮಲ್ಲಿ ಹಿಂಜರಿಯುತ್ತೇವೆ. ಆದರೆ ಎರಡು ನೌಕರಿಗಳ ದೊಡ್ಡ ವ್ಯತ್ಯಾಸ ಅಲ್ಲೇ ಇದೆ. ರಾಜ್ಯ ಸರ್ಕಾರದ ಎನ್‌ಪಿಎಸ್ ನೌಕರ ಸೇವೆಯಲ್ಲಿದ್ದಾಗ ತೀರಿಕೊಂಡರೆ ಕುಟುಂಬ ಪಿಂಚಣಿಯ ಆಯ್ಕೆ ಇದೆ. ಅನುಕಂಪದ ಆಧಾರದ ನೇಮಕಾತಿಯ ನಿಯಮವೂ ಇದೆ. ಖಾಸಗಿಯಲ್ಲಿ ಹೆಂಡತಿಗೆ ಇಪಿಎಸ್‌ನಿಂದ ಸಣ್ಣ ಪಿಂಚಣಿ ಬರುತ್ತದೆ, ಜೊತೆಗೆ ಪಿಎಫ್‌ಗೆ ಅಂಟಿದ ಇಡಿಎಲ್‌ಐ ವಿಮೆ ಗರಿಷ್ಠ 7 ಲಕ್ಷದವರೆಗೆ. ಇದಕ್ಕೆ ನೌಕರ ಒಂದು ರೂಪಾಯಿಯನ್ನೂ ಕಟ್ಟುವುದಿಲ್ಲ. ಹಾಗಾಗಿಯೇ ಬಹಳ ಮನೆಗಳಿಗೆ ಇಂಥದ್ದೊಂದು ಇದೆ ಅಂತಲೂ ಗೊತ್ತಿಲ್ಲ, ಅರ್ಜಿ ಹಾಕುವುದೂ ಇಲ್ಲ. ಖಾಸಗಿ ಕೆಲಸದಲ್ಲಿದ್ದ ಮಗನನ್ನು ಕಳೆದುಕೊಂಡ ಮನೆ ನಿಮ್ಮ ಓಣಿಯಲ್ಲಿ ಇದ್ದರೆ ಇದನ್ನು ಅವರಿಗೆ ಹೇಳಿ.

ಇಷ್ಟೆಲ್ಲ ಓದಿ ನಾವು ಸರ್ಕಾರಿ ನೌಕರಿಯ ವಕಾಲತ್ತು ಮಾಡುತ್ತಿದ್ದೇವೆ ಅಂದುಕೊಳ್ಳಬೇಡಿ. ಬೆಳವಣಿಗೆ ಅನ್ನುವ ಬಾಬ್ತು ಬಂದಾಗ ತಕ್ಕಡಿ ತಿರುಗುತ್ತದೆ, ಆದರೆ ಎಲ್ಲ ಖಾಸಗಿ ಕೆಲಸಕ್ಕೂ ತಿರುಗುವುದಿಲ್ಲ. ಸರ್ಕಾರದಲ್ಲಿ ವರ್ಷಕ್ಕೊಂದು ಇನ್‌ಕ್ರಿಮೆಂಟ್, ಜೊತೆಗೆ ತುಟ್ಟಿಭತ್ಯೆ, ಕೆಲವು ವರ್ಷಕ್ಕೊಮ್ಮೆ ವೇತನ ಆಯೋಗ. ಮುಂದೆ ಕಂದಾಯ ನಿರೀಕ್ಷಕ, ಆಮೇಲೆ ಉಪತಹಶೀಲ್ದಾರ್. ಬಡ್ತಿ ಬರುವುದು ಜೇಷ್ಠತಾ ಪಟ್ಟಿಯಲ್ಲಿ, ನೀವು ಎಷ್ಟು ಚುರುಕು ಅನ್ನುವುದರ ಮೇಲೆ ಅಲ್ಲ. ಅಲ್ಲಿ ಸಂಬಳ ಓಡುವುದಿಲ್ಲ, ನಡೆಯುತ್ತದೆ. ನಿಲ್ಲುವುದೂ ಇಲ್ಲ.

ಖಾಸಗಿಯಲ್ಲಿ ಕೆಲವು ಕೆಲಸಗಳು ನಿಜಕ್ಕೂ ಓಡುತ್ತವೆ. ಯಂತ್ರದ ವಿನ್ಯಾಸ, ಸಾಫ್ಟ್‌ವೇರ್, ಲೆಕ್ಕ ಪರಿಶೋಧನೆ ಇಂಥ ಕಡೆ ಪ್ರತಿ ವರ್ಷದ ಅನುಭವಕ್ಕೂ ಹೊರಗೆ ಬೆಲೆ ಇದೆ. ಇವತ್ತು 7 ಲಕ್ಷ ಇರುವವನು ಕಂಪನಿ ಬದಲಿಸಿ ಐದು ವರ್ಷದಲ್ಲಿ 14 ಲಕ್ಷ ಮುಟ್ಟಬಹುದು. ಅವನಿಗೆ ಮೇಲಿನ 7 ಸಾವಿರದ ಲೆಕ್ಕ ದೊಡ್ಡದಲ್ಲ. ಆದರೆ ನಮ್ಮ ಹಳ್ಳಿಗಳಿಂದ ಹೋಗುವ ಬಹಳ ಮಂದಿ ಸೇರುವುದು ಸಾಲ ವಸೂಲಿ, ಕಾಲ್ ಸೆಂಟರ್, ಗೋಡೌನ್ ಮೇಲ್ವಿಚಾರಣೆ, ಡೇಟಾ ಎಂಟ್ರಿಯಂಥ ಕೆಲಸಕ್ಕೆ. ಅಲ್ಲಿ ಮೂರನೇ ವರ್ಷ ಕಲಿತದ್ದು ಮೊದಲ ವರ್ಷ ಕಲಿತದ್ದೇ. ಅದಕ್ಕೇ ಸಂಬಳ ಎರಡನೇ ಕಂಪನಿಯಲ್ಲೂ ಅಷ್ಟೇ. ಸಂದರ್ಶನಕ್ಕೆ ಹೋದಾಗ ಸುತ್ತ ಕಣ್ಣಾಡಿಸಿ ನೋಡಿ, ನೀವು ಮಾಡಲಿರುವ ಕೆಲಸದಲ್ಲಿ 35 ದಾಟಿದವರು ಎಷ್ಟು ಮಂದಿ ಕೂತಿದ್ದಾರೆ? ಎಂಟು ವರ್ಷ ಅದೇ ಕೆಲಸ ಮಾಡಿದವರ ಸಂಬಳ ಎಷ್ಟು? ಕ್ಯಾಂಟೀನಿನಲ್ಲಿ ಚಹಾ ಕುಡೀತಾ ಕೇಳಿದರೆ ಯಾರಾದರೂ ಹೇಳುತ್ತಾರೆ. ಎಲ್ಲರೂ 24-25ರ ಹುಡುಗರೇ ಇದ್ದರೆ, ಮೊದಲಿನವರೆಲ್ಲ ಎಲ್ಲಿ ಹೋದರು ಅಂತ ಯೋಚಿಸಿ.

ಹಾಗಾಗಿ ನಮ್ಮ ಅಭಿಪ್ರಾಯ ನೇರವಾಗಿ ಹೇಳುತ್ತೇವೆ. ಕಾಯಂ ಸರ್ಕಾರಿ ಹುದ್ದೆಯ ಆದೇಶ ಕೈಯಲ್ಲಿದ್ದು, ಎದುರಿಗೆ ಬೆಂಗಳೂರಿನ 6-7 ಲಕ್ಷದ ಸಿಟಿಸಿ ಇದ್ದರೆ, ಅದು ಹೆಚ್ಚಿನ ಸಂಬಳದ ಕೆಲಸವೇ ಅಲ್ಲ. ಹಾಗೆ ಕಾಣುತ್ತದೆ ಅಷ್ಟೇ. ಸರ್ಕಾರಿ ಹುದ್ದೆಗೆ ಸೇರಿ. 12 ಲಕ್ಷದ ಮೇಲಿದ್ದು ಕೈಗೆ ಕಸುಬು ಕಲಿಸುವ ಕೆಲಸವಾದರೆ, ಪಿಂಚಣಿಯ ಆಸೆಗೆ ಅದನ್ನು ಬಿಡಬೇಡಿ, ಯಾಕೆಂದರೆ ಆ ಪಿಂಚಣಿ ಈಗ ಇಲ್ಲ. ಎನ್‌ಪಿಎಸ್ ಖಾತೆಯನ್ನು ಖಾಸಗಿ ನೌಕರನೂ ತಾನಾಗಿ ತೆರೆದುಕೊಳ್ಳಬಹುದು. ನಡುವಿನದಾದರೆ ಆ 35 ದಾಟಿದವರ ಪ್ರಶ್ನೆಯೇ ತೀರ್ಮಾನ ಮಾಡಲಿ.

ಆದರೆ ಇದೆಲ್ಲ ಎರಡೂ ಕಾಗದ ಕೈಯಲ್ಲಿ ಇರುವವನ ಮಾತು. ಅಂಥವರು ಊರಿಗೆ ಒಬ್ಬರು. ಉಳಿದವರ ಕೈಯಲ್ಲಿ ಇರುವುದು ಒಂದು ಖಾಸಗಿ ಕೆಲಸ ಮತ್ತು ಒಂದು ಹಾಲ್ ಟಿಕೆಟ್. ಅವರಿಗೆ ಮನೆಯವರು, "ಆ ಕೆಲಸ ಬಿಟ್ಟು ಧಾರವಾಡಕ್ಕೆ ಹೋಗಿ ಓದು" ಅನ್ನುತ್ತಾರೆ. ಇದನ್ನು ಸರ್ಕಾರಿ ನೌಕರಿ ಮತ್ತು ಖಾಸಗಿ ನೌಕರಿ ನಡುವಿನ ಆಯ್ಕೆ ಅಂತ ಕರೆಯುವುದೇ ತಪ್ಪು. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಯ 1,000 ಹುದ್ದೆಗೆ ಅರ್ಜಿ ಹಾಕಿದವರು ಲಕ್ಷಗಟ್ಟಲೆ. ಪಿಎಸ್‌ಐ 545 ಹುದ್ದೆಯ ಕಥೆ ಎಲ್ಲರಿಗೂ ಗೊತ್ತು. 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯಿತು, ಅಕ್ರಮ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 27 ತಿಂಗಳು. ತಿಂಗಳಿಗೆ 25 ಸಾವಿರದ ಕೆಲಸ ಬಿಟ್ಟು ಕಾದವನು ಕಳೆದುಕೊಂಡದ್ದು 6 ಲಕ್ಷ 75 ಸಾವಿರ, ಕೋಚಿಂಗ್ ಫೀಸು ಮತ್ತು ರೂಮಿನ ಬಾಡಿಗೆ ಬೇರೆ. ಓದಬೇಡಿ ಅಂತ ನಾವು ಹೇಳುತ್ತಿಲ್ಲ. ಕೆಲಸದಲ್ಲಿ ಇದ್ದುಕೊಂಡು ಓದಲಿ, ಬಿಟ್ಟೇ ಓದುವುದಾದರೆ ಇಷ್ಟು ತಿಂಗಳು ಅಂತ ಮೊದಲೇ ಅಪ್ಪ-ಅವ್ವನ ಎದುರು ಗೆರೆ ಎಳೆದುಕೊಳ್ಳಲಿ.

ಇನ್ನೊಂದು ಮಾತು, ಕಟುವಾಗಿಯೇ. ಸರ್ಕಾರಿ ಕಟ್ಟಡದೊಳಗೆ ಕೂತವರೆಲ್ಲ ಸರ್ಕಾರಿ ನೌಕರರಲ್ಲ. ಆಸ್ಪತ್ರೆ, ಹಾಸ್ಟೆಲ್, ತಾಲ್ಲೂಕು ಕಚೇರಿಗಳಲ್ಲಿ ಏಜೆನ್ಸಿ ಮೂಲಕ ಹೊರಗುತ್ತಿಗೆಗೆ ಸೇರಿದವರಿಗೆ ಮೇಲೆ ಹೇಳಿದ 9,350 ಇಲ್ಲ, 311ನೇ ವಿಧಿ ಇಲ್ಲ, ಬಡ್ತಿ ಇಲ್ಲ. ಅವರು ಏಜೆನ್ಸಿಯ ನೌಕರರು. ಆದರೂ "ಮುಂದೆ ಕಾಯಂ ಆಗ್ತದ" ಅನ್ನುವ ದಲ್ಲಾಳಿಯ ಮಾತು ನಂಬಿ ಎಮ್ಮೆ ಮಾರಿ, ಹೊಲ ಅಡವಿಟ್ಟು ದುಡ್ಡು ಕೊಡುವವರು ನಮ್ಮಲ್ಲಿ ಇದ್ದಾರೆ. ಹೆಣ್ಣು ಕೊಡುವವರೂ ವರನ ನೇಮಕಾತಿ ಆದೇಶ ಕೇಳುವುದಿಲ್ಲ, ಕಚೇರಿಯ ಬೋರ್ಡು ನೋಡಿ ಒಪ್ಪುತ್ತಾರೆ. ಹೊಲ ಉಳುವ ಹುಡುಗನಿಗೆ ಹೆಣ್ಣಿಲ್ಲ, ಹೊರಗುತ್ತಿಗೆಯವನಿಗೆ ಸಾಲು! ಆದೇಶದಲ್ಲಿ ನೇಮಕ ಮಾಡಿದವರು ಯಾರು, ವೇತನ ಶ್ರೇಣಿ ನಮೂದಾಗಿದೆಯೇ, ಎನ್‌ಪಿಎಸ್ ಮಾತಿದೆಯೇ ಅಂತ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುವ ವಿಷಯ ಇದು.

ಕಟ್ಟೆಯ ಲೆಕ್ಕ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಮೇಷ್ಟ್ರು ಸುಮ್ಮನೆ ಕೇಳಿಸಿಕೊಂಡು ಕೊನೆಗೆ, "ಹಂಗಾರ ನನಗ ಬರೂದು ಇವಂಗ ಬರಂಗೇ ಇಲ್ಲೇನು?" ಅಂದರು. ಇಲ್ಲ ಸರ ಅಂದೆವು. "ಮತ್ತ ಇಷ್ಟು ದಿನ ನಾ ಎಲ್ಲಾರಿಗೂ ಹೇಳ್ಕೋತ ಬಂದೇನಲ್ಲೋ," ಅಂತ ಕನ್ನಡಕ ತೆಗೆದು ಒರೆಸಿಕೊಂಡರು. ಬೆಂಗಳೂರಿನ ಹುಡುಗ ತನ್ನ ಆಫರ್ ಲೆಟರನ್ನು ಮೊಬೈಲಿನಲ್ಲಿ ಹುಡುಕಿ ಕೊನೆಯ ಪುಟ ತೆರೆದು ಕೂತಿದ್ದ. ಸೇರಿ ಎರಡು ವರ್ಷ ಆಗಿದೆ, ಆ ಪುಟ ಅವನು ನೋಡಿದ್ದು ಅವತ್ತೇ ಮೊದಲು.

ನಮ್ಮ ಗೆಳೆಯ ಗ್ರಾಮ ಆಡಳಿತ ಅಧಿಕಾರಿಯಾಗಿ ಸೇರಿದ. ಊರಿಂದ 22 ಕಿಲೋಮೀಟರ್ ದೂರದ ವೃತ್ತ ಸಿಕ್ಕಿದೆ. ಪ್ರಾನ್ ಸಂಖ್ಯೆ ಇನ್ನೂ ಬಂದಿಲ್ಲ. ಅದು ತಡವಾದಷ್ಟು ತಿಂಗಳು ಅವನ ಕಡಿತವೂ ಸರ್ಕಾರದ ಪಾಲೂ ಖಾತೆಗೆ ಹೋಗದೆ ನಿಲ್ಲುತ್ತವೆ. ವಾರಕ್ಕೊಮ್ಮೆ ಖಜಾನೆ ಕಚೇರಿಗೆ ಹೋಗಿ ಕೇಳಿ ಬಾ ಅಂತ ಹೇಳಿದ್ದೇವೆ, ಹೋಗುತ್ತಿದ್ದಾನೆ.